ಪದಚರ್ಚೆ: ‘ನೀವು ಸಂತೋಷವಾಗಿದ್ದರೆ ಸಾಕು’ ಎಂದರೆ ಹೊಗಳಿಕೆಯೇ, ಬೈಗುಳವೇ?

ಮ. ರಾ., ಯಿವೂ (ಊರು ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ಚೀನದ ಝೆಜಿಯಾಂಗ್ ಪ್ರಾಂತ್ಯದ ಯಿವೂನಲ್ಲಿದ್ದೇನೆ. ಕೂದಲ ಕ್ಲಿಪ್ಪು, ರಿಬ್ಬನ್ನು ಇಂಥ ಸಣ್ಣ ಸಾಮಾನುಗಳನ್ನು ಕೊಂಡು ಊರಿಗೆ ಕಳಿಸುವ ಕೆಲಸ. ಚೀನೀ ಭಾಷೆಯನ್ನು ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು ಮಾತನಾಡುತ್ತೇನೆ, ಓದಲು ಬಾರದು. ಸರಕು ಕೊಡುವವರೊಂದಿಗೆ ವೀಚಾಟ್‌ನಲ್ಲಿ ಒಂದು ಗುಂಪಿದೆ. ಭಾನುವಾರ ರಾತ್ರಿ ಅದರಲ್ಲಿ ನಡೆದ ಮಾತಿನ ಚಿತ್ರವನ್ನು ಪಕ್ಕದ ಅಂಗಡಿಯವರಿಗೆ ತೋರಿಸಿ ಓದಿಸಿಕೊಂಡೆ. ಅವರು ಪದಕ್ಕೆ ಪದ ಅರ್ಥ ಹೇಳಿದರು. ನಕ್ಕರು. ಏಕೆ ನಕ್ಕಿರೆಂದು ಕೇಳಿದರೆ ಹೇಳಲಿಲ್ಲ. ಕೆಳಗಿನದು ನನ್ನ ಕಿವಿಗೆ ಕೇಳಿಸಿದ ಉಚ್ಚಾರಣೆ, ಅವರು ಹೇಳಿದ ಅರ್ಥ:

ನಾನು (ಇಂಗ್ಲಿಷಿನಲ್ಲಿ): ಪೆಟ್ಟಿಗೆಯ ಮೇಲಿನ ಚೀಟಿಯ ಬಣ್ಣ ಇನ್ನೊಮ್ಮೆ ಬದಲಾಗಬೇಕು, ನೀಲಿ ಬೇಡ, ಕೆಂಪು.
ಮಾಲೀಕರು: ಹಾವ್ ದ 🙂 (ಆಗಲಿ)
ಲೆಕ್ಕದ ಹುಡುಗಿ: ನಿನ್ ಜೆನ್ ಷಿ 666 (ನೀವು ನಿಜಕ್ಕೂ 666)
ಗೋದಾಮಿನ ಹುಡುಗ: 🍉🐶
ಲೆಕ್ಕದ ಹುಡುಗಿ: ಹ ಹ
ನಾನು: 😀👍
ಲೆಕ್ಕದ ಹುಡುಗಿ: ನಿನ್ ಖಾಯ್ ಶಿನ್ ಜ್ಯೂ ಹಾವ್ 🙂 (ನೀವು ಸಂತೋಷವಾಗಿದ್ದರೆ ಸಾಕು)

ಸೋಮವಾರದಿಂದ ಹುಡುಗಿ ಉತ್ತರ ಕೊಡುತ್ತಿಲ್ಲ. ನನ್ನ ಲೆಕ್ಕದಲ್ಲಿ ಇದರಲ್ಲಿ ಒಂದೂ ಕೆಟ್ಟ ಮಾತಿಲ್ಲ. ಬಲ್ಲವರು ತಿಳಿಸಬೇಕು.

ಬೆ. ಕೃ., ಮೈಸೂರು

666 ಎಂಬುದು ಬೈಬಲಿನ ಕೊನೆಯ ಭಾಗದಲ್ಲಿ ಬರುವ ಮೃಗದ ಸಂಖ್ಯೆ. ನಿಮ್ಮನ್ನು ಸೈತಾನನೆಂದು ಕರೆದಿದ್ದಾಳೆ. ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಹ. ಕು., ಕಲಬುರಗಿ

ಸರ್, ನಾನು ಚೀನದಲ್ಲಿ ವೈದ್ಯಕೀಯ ಓದಿ ಬಂದವನು. 666ಕ್ಕೂ ಸೈತಾನನಿಗೂ ಅಲ್ಲಿ ಸಂಬಂಧವಿಲ್ಲ. ಮೊಬೈಲ್ ಆಟ ಆಡುವಾಗ ಯಾರಾದರೂ ಚೆನ್ನಾಗಿ ಆಡಿದರೆ ನೋಡುವವರು 666 ಎಂದು ಹಾಕುತ್ತಾರೆ. ‘ಭಲೇ’ ಎಂದಂತೆ. ಆದರೆ ‘ಹ ಹ’ ಮತ್ತು ಆ ನಗುಮುಖ ಎರಡೂ ಚೀನದಲ್ಲಿ ಬೈಗುಳಗಳೇ. ನಮ್ಮ ವಸತಿನಿಲಯದಲ್ಲಿ ಯಾರೂ ಆ ನಗುಮುಖವನ್ನು ಒಳ್ಳೆಯ ಅರ್ಥದಲ್ಲಿ ಬಳಸುತ್ತಿರಲಿಲ್ಲ. ಹಾಗಾಗಿ ಮಾಲೀಕರೂ ನಿಮ್ಮನ್ನು ಬೈದಿದ್ದಾರೆ, ಹುಡುಗಿಯೂ ಬೈದಿದ್ದಾಳೆ.

ವಿ. ಶ., ಸಿಂಗಪುರ

ಕಲಬುರಗಿಯವರ ಮಾತು ಅವರ ವಸತಿನಿಲಯದ ಮಟ್ಟಿಗೆ ಸರಿ. ಮಾಲೀಕರ ವಿಷಯದಲ್ಲಿ ತಪ್ಪಬಹುದು. ಈ ಚಿತ್ರದಲ್ಲಿ ಒಂದೇ ನಗುಮುಖವನ್ನು ಇಬ್ಬರು ಹಾಕಿದ್ದಾರೆ. ಅವರಿಬ್ಬರ ವಯಸ್ಸೇನು ಎಂಬುದು ಮೊದಲು ಗೊತ್ತಾಗಬೇಕು.

ವೀಚಾಟ್‌ನ ನಗುಮುಖ ನಮ್ಮ ಮೊಬೈಲುಗಳಲ್ಲಿ ಇರುವಂಥದ್ದಲ್ಲ. ಅದನ್ನು ಆ ಕಂಪನಿಯೇ ಬರೆಸಿಕೊಂಡಿದೆ. ದೊಡ್ಡದು ಮಾಡಿ ನೋಡಿ. ತುಟಿ ಮಾತ್ರ ಬಾಗಿದೆ, ಕೆನ್ನೆ ಏರಿಲ್ಲ, ಕಣ್ಣಗುಡ್ಡೆಗಳು ಕೆಳಕ್ಕೆ ನೆಟ್ಟಿವೆ. ನಗುವ ಬಾಯಿ, ನಗದ ಕಣ್ಣು. ಚಿಕ್ಕ ವಯಸ್ಸಿನವರಿಗೆ ಇದು ಎದುರಿಗಿದ್ದವನನ್ನು ಸಹಿಸಿಕೊಂಡು ನಿಂತವರ ಮುಖದಂತೆ ಕಾಣುತ್ತದೆ. ‘ನಿನ್ನ ಜೊತೆ ಇನ್ನು ಮಾತಿಲ್ಲ’ ಎಂಬಲ್ಲಿ ಅದನ್ನು ಹಾಕುತ್ತಾರೆ. ಐವತ್ತು ದಾಟಿದವರು ಹೀಗೆ ನೋಡುವುದಿಲ್ಲ. ಚಿತ್ರಗಳ ಪಟ್ಟಿಯಲ್ಲಿ ಅದೇ ಮೊದಲನೆಯದು, ಹೆಸರೂ ‘ನಸುನಗೆ’ ಎಂದೇ. ಅವರು ನಸುನಗೆಯೆಂದು ನಂಬಿ ಒತ್ತುತ್ತಾರೆ. ಅಪ್ಪ ಅಮ್ಮ ಕಳಿಸುವ ಈ ಮುಖದ ಬಗ್ಗೆ ಮಕ್ಕಳು ಗೊಣಗುವುದು ಅಲ್ಲಿ ಮನೆಮನೆಯ ಸಂಗತಿ.

ನೀವು ಮೊದಲು ಮಾಡಬೇಕಾದ್ದು ಇಷ್ಟು. ಎರಡೂ ಸಂದೇಶಗಳನ್ನು ಒತ್ತಿ ಹಿಡಿದು ನಕಲು ಮಾಡಿ, ಬೇರೆ ಕಡೆ ಅಂಟಿಸಿ. ವೀಚಾಟ್‌ನ ಸ್ವಂತ ಚಿತ್ರವಾಗಿದ್ದರೆ ಮುಖದ ಬದಲು `[Smile]` ಎಂದೋ ಚೀನೀ ಅಕ್ಷರದಲ್ಲಿ ಅದೇ ಹೆಸರೋ ಬರುತ್ತದೆ. ಮೊಬೈಲಿನ ಕೀಲಿಮಣೆಯಿಂದ ಹಾಕಿದ್ದಾದರೆ ಮುಖವೇ ಬರುತ್ತದೆ. ಆಗ ನಾನು ಮೇಲೆ ಹೇಳಿದ್ದನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ.

ಇನ್ನು 666. ಚೀನೀ ಭಾಷೆಯಲ್ಲಿ ಆರು ಎಂದರೆ ‘ಲ್ಯೂ’. ಕೈಚಳಕದಿಂದ, ತಡೆಯಿಲ್ಲದೆ ಮಾಡುವುದನ್ನು ಹೇಳುವ ಇನ್ನೊಂದು ಪದದ ಉಚ್ಚಾರಣೆಯೂ ಇದೇ. ಅಲ್ಲಿಂದ ‘ಭಲೇ’ ಎಂಬ ಅರ್ಥ ಬಂದಿತು. ಆದರೆ ಪೆಟ್ಟಿಗೆ ಕಟ್ಟಿ ಮುಗಿದ ಮೇಲೆ, ಭಾನುವಾರ ರಾತ್ರಿ, ಚೀಟಿ ಬದಲಿಸಿ ಎಂದವನಿಗೆ ಯಾರು ಭಲೇ ಎನ್ನುತ್ತಾರೆ? ಹೊಗಳುವಂಥದ್ದು ಏನೂ ನಡೆಯದ ಕಡೆ ಹೊಗಳಿಕೆ ಬಂದರೆ ಅದನ್ನು ತಿರುಗಿಸಿ ಓದಬೇಕು.

‘ಹ ಹ’ ಬಗ್ಗೆ ಒಂದು ಪ್ರಶ್ನೆ: ನೀವು ಕೇಳಿದ್ದು ಹ್ರಸ್ವವೇ, ದೀರ್ಘವೇ? ‘ಹಾ ಹಾ’ ನಿಜವಾದ ನಗೆ, ಅಕ್ಷರವೇ ಬೇರೆ. ಅದೂ ಎರಡೇ ಸಲ ಬಂದರೆ ಉಪಚಾರಕ್ಕೆ ನಕ್ಕಂತೆ, ಸಾಲುಗಟ್ಟಿ ಬಂದರೆ ಮನಸಾರೆ ನಕ್ಕಂತೆ. ಹ್ರಸ್ವವಾದ ‘ಹ ಹ’ ಗಂಟಲಿನಿಂದ ಹೊರಗೆ ಬಾರದ ನಗೆ.

ಸೀ. ಭ., ಸಾಗರ

ನಿವೃತ್ತ ಮೇಷ್ಟರ ಎರಡು ಮಾತು. ಚೀನೀ ಭಾಷೆ ನನಗೆ ಬಾರದು. ಆದರೂ ಕೇಳುತ್ತೇನೆ: ಆ ಹುಡುಗಿ ಮೊದಲಿನಿಂದಲೂ ‘ನಿನ್’ ಎಂದೇ ಕರೆಯುತ್ತಿದ್ದಳೇ? ಅರ್ಥದ ಸಾಲಿನಲ್ಲಿ ‘ನೀವು’ ಎಂದಿದೆ, ಬಹುವಚನ ಕಂಡು ಕಿವಿ ನಿಮಿರಿತು. ನಮ್ಮ ಮನೆಯಲ್ಲಿ ನನ್ನಾಕೆಗೆ ಸಿಟ್ಟು ಬಂದರೆ ‘ತಾವು ದೊಡ್ಡವರು, ತಾವು ಹೇಳಿದ ಮೇಲೆ ಮುಗಿಯಿತು’ ಎನ್ನುತ್ತಾಳೆ. ಆ ‘ತಾವು’ ಬಂದ ದಿನ ನಾನು ಜಗುಲಿ ಬಿಟ್ಟು ಒಳಗೆ ಹೋಗುವುದಿಲ್ಲ. ಆಲಂಕಾರಿಕರು ದನಿಯ ಬದಲಾವಣೆಯಿಂದ ಅರ್ಥ ತಿರುಗುವುದಕ್ಕೆ ಕಾಕು ಎಂಬ ಹೆಸರಿಟ್ಟಿದ್ದಾರೆ. ಬರಹದಲ್ಲಿ ದನಿಯಿಲ್ಲ. ಅದರ ಕೆಲಸವನ್ನು ಬಹುವಚನವೋ ಈ ಹಳದಿ ಮುಖವೋ ಮಾಡಬೇಕಾಗುತ್ತದೆ.

ವಿ. ಶ., ಸಿಂಗಪುರ

ಗುರುಗಳೇ, ನಾನು ದಾಟಿ ಹೋದದ್ದನ್ನು ಹಿಡಿದಿರಿ. ಸಾಮಾನ್ಯ ‘ನೀನು’ ಅಲ್ಲಿ ‘ನಿ’, ಗೌರವದ್ದು ‘ನಿನ್’. ಬೀಜಿಂಗ್ ಕಡೆ ‘ನಿನ್’ ದಿನಬಳಕೆಯ ಮಾತು. ದಕ್ಷಿಣಕ್ಕೆ ಬಂದಂತೆ ಬಳಕೆ ಕಡಿಮೆ. ಝೆಜಿಯಾಂಗ್‌ನಲ್ಲಿ ಪರಿಚಯದವರ ನಡುವೆ ಹಠಾತ್ತನೆ ಬಂದರೆ ಏನೋ ಬದಲಾಗಿದೆ. ಆದರೆ ವ್ಯಾಪಾರದ ಬರಹದಲ್ಲಿ ಗಿರಾಕಿಗೆ ‘ನಿನ್’ ಎನ್ನುವುದು ಎಲ್ಲೆಡೆಯೂ ಉಂಟು. ಅವಳ ಹಳೆಯ ಸಂದೇಶಗಳನ್ನು ನೋಡದೆ ತೀರ್ಮಾನಿಸಲಾಗದು.

ಲ. ಪ., ಉಡುಪಿ

ನನ್ನದೂ ಇಂಥದೇ ಒಂದು ಪ್ರಕರಣ. ಮೊಮ್ಮಗಳಿಗೆ ನನ್ನ ಹಳೆಯ ಫೋಟೊ ಕಳಿಸಿದರೆ 💀 ಹಾಕಿದಳು. ಬದುಕಿರುವ ಅಜ್ಜಿಗೆ ತಲೆಬುರುಡೆ! ಚೀನದವರೂ ಇದನ್ನು ಬಳಸುತ್ತಾರೆಯೇ? ಅಮಂಗಳವಲ್ಲವೇ? ಮ. ರಾ. ಅವರೇ, ಕ್ಲಿಪ್ಪುಗಳನ್ನು ಉಡುಪಿಗೂ ಕಳಿಸುತ್ತೀರಾ?

ಜ. ತಿ., ಬೆಂಗಳೂರು

ಕಲಬುರಗಿಯವರು ‘ಹ ಹ’ ಬೈಗುಳವೇ ಎಂದದ್ದಕ್ಕೆ ಒಂದು ತಕರಾರು. ಸುಂಗ್ ಅರಸರ ಕಾಲದ ಕವಿ ಸು ಷಿ, 1037ರಿಂದ 1101ರವರೆಗೆ ಬದುಕಿದ್ದವನು, ಗೆಳೆಯರಿಗೆ ಬರೆದ ಓಲೆಗಳಲ್ಲಿ ಇದೇ ‘ಹ ಹ’ವನ್ನು ಧಾರಾಳವಾಗಿ ಬಳಸಿದ್ದಾನೆ. ಈಚೆಗೆ ಕೆಲವು ಹಾಡುಗಳನ್ನು ಬರೆದೆ, ಹೆಸರಾಂತ ಕವಿಯ ಸೊಗಸು ಇಲ್ಲದಿದ್ದರೂ ನನ್ನದೇ ಒಂದು ರೀತಿಯಿದೆ ಎಂದು ಒಂದೆಡೆ ಹೇಳಿ, ಕೊನೆಗೆ ‘ಹ ಹ’ ಎನ್ನುತ್ತಾನೆ. ಅದು ತನ್ನ ಹೆಮ್ಮೆಗೆ ತಾನೇ ನಾಚಿ ನಕ್ಕದ್ದು. ಪದ ಹಳೆಯದು. ಅದಕ್ಕೆ ಕಹಿ ಅಂಟಿದ್ದು ಅಂತರಜಾಲದ ಮಾತುಕತೆಯಲ್ಲಿ. ವಯಸ್ಸಾದವರು ಇಂದಿಗೂ ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಾರೆ.

ಹ. ಕು., ಕಲಬುರಗಿ

ಸು ಷಿ ನಮ್ಮ ವಸತಿನಿಲಯದಲ್ಲಿ ಇರಲಿಲ್ಲ. ಲೆಕ್ಕದ ಹುಡುಗಿಗೂ ಸಾವಿರ ವರ್ಷ ಆಗಿರಲಾರದು. ಅವಳ ಮಟ್ಟಿಗೆ ನನ್ನ ಮಾತೇ ನಿಲ್ಲುತ್ತದೆ. ಮಾಲೀಕರ ವಿಷಯ ಬಿಟ್ಟುಕೊಟ್ಟೆ.

ಕಲ್ಲಂಗಡಿ ಮತ್ತು ನಾಯಿಯನ್ನು ಯಾರೂ ಮುಟ್ಟಿಲ್ಲ. ಕಲ್ಲಂಗಡಿ ತಿನ್ನುವುದು ಎಂದರೆ ಅಲ್ಲಿ ಬೇರೆಯವರ ಜಗಳವನ್ನು ದಡದಲ್ಲಿ ಕೂತು ನೋಡುವುದು. ನಾಯಿಮುಖ ಹಾಕಿದರೆ ‘ಹೇಳಿದ್ದು ತಮಾಷೆಗೆ, ಹೊಡೆಯಬೇಡಿ’ ಎಂದು. ಕುಹಕದ ಮಾತು ಹೇಳಿ ಕೊನೆಗೆ ನಾಯಿಯನ್ನು ಕಾವಲಿಗೆ ನಿಲ್ಲಿಸುತ್ತಾರೆ. ಹುಡುಗಿಯ ಮಾತಿಗೆ ನಾಯಿಯ ಕಾವಲಿಲ್ಲ ಎಂಬುದನ್ನು ಗಮನಿಸಿ. ಅವಳು ಹೇಳಿದ್ದು ತಮಾಷೆಗಲ್ಲ.

ಮ. ರಾ., ಯಿವೂ

ಎಲ್ಲರಿಗೂ ವಂದನೆಗಳು. ಉಡುಪಿಯ ಅಮ್ಮನವರೇ, ಡಜನ್ ಲೆಕ್ಕದಲ್ಲಿ ಕಳಿಸುವುದಿಲ್ಲ, ಪೆಟ್ಟಿಗೆ ಲೆಕ್ಕ.

ಪಕ್ಕದ ಅಂಗಡಿಯವರನ್ನು ಮತ್ತೆ ಕೂರಿಸಿಕೊಂಡು ಹಳೆಯ ಸಂದೇಶಗಳನ್ನು ಓದಿಸಿದೆ. ಮಾಲೀಕರಿಗೆ ಅರವತ್ತರ ಆಸುಪಾಸು. ಸರಕು ಹೊರಟಾಗ, ಹಣ ಬಂದಾಗ, ಹಬ್ಬಕ್ಕೆ ಶುಭಾಶಯ ಹೇಳುವಾಗ, ಎಲ್ಲದಕ್ಕೂ ಅದೇ ಮುಖ. ಹುಡುಗಿ ಅದನ್ನು ಹಿಂದೆ ಒಮ್ಮೆಯೂ ಹಾಕಿಲ್ಲ. ನನ್ನನ್ನು ‘ನಿ’ ಎಂದು, ಕೆಲವೊಮ್ಮೆ ‘ಛಿನ್’ ಎಂದು ಕರೆದಿದ್ದಾಳೆ. ‘ನಿನ್’ ಬಂದದ್ದು ಭಾನುವಾರವೇ. ನಗೆ ಹ್ರಸ್ವ. ನಕಲು ಮಾಡಿ ಅಂಟಿಸಿದರೆ ಇಬ್ಬರದೂ `[Smile]`.

ವಿ. ಶ., ಸಿಂಗಪುರ

ಹಾಗಿದ್ದರೆ ಮಾಲೀಕರದು ಆಗಲಿ ಎಂಬುದೇ. ‘ಛಿನ್’ ಎಂಬುದು ಅಲ್ಲಿಯ ಆನ್‌ಲೈನ್ ಅಂಗಡಿಗಳವರು ಗಿರಾಕಿಯನ್ನು ಅಕ್ಕರೆಯಿಂದ ಕರೆಯುವ ಪದ. ಅದರಿಂದ ‘ನಿನ್’ಗೆ ಹಾರಿದ್ದೇ ಸಾಕ್ಷಿ. ಕೊನೆಯ ಸಾಲನ್ನು ‘ನೀವು ಸಂತೋಷವಾಗಿದ್ದರೆ ಸಾಕು’ ಎಂದು ಕನ್ನಡಿಸಿದರೆ ತಾಯಿ ಮಗನಿಗೆ ಹೇಳಿದಂತಾಗುತ್ತದೆ. ಇಲ್ಲಿ ಅದು ‘ನಿಮ್ಮಿಷ್ಟ, ಏನು ಬೇಕಾದರೂ ಮಾಡಿಕೊಳ್ಳಿ’. ಅದಕ್ಕೆ ಮುಂಚೆ ನೀವು ಹಲ್ಲು ಕಿರಿದು ಹೆಬ್ಬೆರಳೆತ್ತಿದ್ದೀರಿ. ಅವಳು ಚುಚ್ಚಿದ್ದು ನಿಮಗೆ ತಗಲಲಿಲ್ಲ ಎಂದು ತೋರಿತು. ಅದಕ್ಕೇ ಇನ್ನೊಂದು ಚುಚ್ಚಿದಳು.

ಈಗ ಯಾವ ಮುಖವನ್ನೂ ಕಳಿಸಬೇಡಿ. ‘ಶಿನ್ ಖು ಲ’ ಎಂದು ಬರೆಸಿ. ನಿಮಗೆ ತೊಂದರೆಯಾಯಿತು, ಶ್ರಮ ಬಲ್ಲೆ ಎಂಬ ಅರ್ಥದ ಮಾತು, ಕೆಲಸದ ಜಾಗದಲ್ಲಿ ದಿನವೂ ಕೇಳುವಂಥದ್ದು. ಜೊತೆಗೆ ಚೀಟಿ ಮತ್ತೆ ಅಚ್ಚು ಹಾಕಿಸುವ ಖರ್ಚು ನಿಮ್ಮದೆಂದು ಬರೆಯಿರಿ. ಬರೀ ‘ಶಿನ್ ಖು ಲ’ ಹೇಳಿ ಹಣದ ಮಾತೆತ್ತದಿದ್ದರೆ ಇನ್ನೊಂದು ‘ಹ ಹ’ ಬಂದೀತು.

ಮ. ರಾ., ಯಿವೂ

ಹಾಗೆಯೇ ಮಾಡಿದೆ. ಸಂಜೆ ಹುಡುಗಿಯಿಂದ ‘ಅಂ ಅಂ’ ಎಂದು ಬಂದಿದೆ. ಮುಖವಿಲ್ಲ. ‘ನಿನ್’ ಇಲ್ಲ, ‘ಛಿನ್’ ಕೂಡ ಇಲ್ಲ.

ಹ. ಕು., ಕಲಬುರಗಿ

ಒಂದೇ ‘ಅಂ’ ಬಂದಿದ್ದರೆ ಹೆದರಬೇಕಿತ್ತು. ಎರಡು ಬಂದರೆ ‘ಹೂಂ, ಸರಿ’ ಎಂದು ತಲೆಯಾಡಿಸಿದಂತೆ. ಪೆಟ್ಟಿಗೆ ಹೊರಡುತ್ತದೆ.

ಸೀ. ಭ., ಸಾಗರ

ಗೋದಾಮಿನ ಹುಡುಗ ಕಲ್ಲಂಗಡಿ ತಿಂದದ್ದು ಸರಿ, ನಾಯಿಯನ್ನು ಯಾರ ಎದುರು ಕಟ್ಟಿದ? ಗಿರಾಕಿಯ ಸಿಟ್ಟಿಗೆ ಹೆದರಿಯೋ, ಲೆಕ್ಕದ ಹುಡುಗಿಯ ಸಿಟ್ಟಿಗೆ ಹೆದರಿಯೋ?

ವಿ. ಶ., ಸಿಂಗಪುರ

ಎರಡೂ ಆಗುತ್ತದೆ ಗುರುಗಳೇ. ಬರೀ ಚಿತ್ರದಿಂದ ಹೇಳಲಾಗದು. ಉಡುಪಿಯ ಅಕ್ಕನವರಿಗೆ: ತಲೆಬುರುಡೆಯನ್ನು ಇಂಗ್ಲಿಷ್ ಬಳಸುವ ಮಕ್ಕಳು ‘ನಕ್ಕು ನಕ್ಕು ಸತ್ತೆ’ ಎಂಬ ಅರ್ಥದಲ್ಲಿ ಹಾಕುತ್ತಾರೆ. ಫೋಟೊದಲ್ಲಿ ಏನಿತ್ತು ಎಂದು ಹೇಳಿದರೆ ಮೊಮ್ಮಗಳು ನಕ್ಕದ್ದು ಸರಿಯೇ ಎಂದು ನೋಡಬಹುದು.

ಲ. ಪ., ಉಡುಪಿ

1974ರ ಫೋಟೊ. ಆನೆಕಿವಿಯಂಥ ಕಾಲರಿನ ರವಿಕೆ. ನಗಲಿ ಬಿಡಿ.