ಪದಚರ್ಚೆ: ಮನೆ ಮುಂದಿನ ವರಾಂಡಕ್ಕೆ ‘ಜಗಲಿ’ ಅನ್ನಬಹುದೇ?

ನಮಸ್ಕಾರ. ಬೆಂಗಳೂರಿನಲ್ಲಿ ಮನೆ ವಿನ್ಯಾಸದ ಕೆಲಸ ನನ್ನದು. ಬನಶಂಕರಿ ಕಡೆಯ ಒಂದು ಮನೆಯ ಮುಂಭಾಗದ ರೆಂಡರ್, ಅಂದರೆ ಕಟ್ಟಿದ ಮೇಲೆ ಹೇಗೆ ಕಾಣುತ್ತದೆ ಎಂಬ ಕಂಪ್ಯೂಟರ್ ಚಿತ್ರ, ಮಾಡಿದ್ದೇನೆ. ಗೇಟು ದಾಟಿದರೆ ನಾಲ್ಕು ಕಲ್ಲಿನ ಮೆಟ್ಟಿಲು, ಹತ್ತಿದರೆ ಸೂರಿನಡಿ ಆರಡಿ ಅಗಲದ ಜಾಗ, ಅಲ್ಲಿ ಗೇಟಿಗೆ ಮುಖ ಮಾಡಿ ಸರಪಳಿಯಲ್ಲಿ ತೂಗುವ ಮರದ ಹಲಗೆ. ಮನೆಯ ಅಜ್ಜಿಗೂ ಮೇಸ್ತ್ರಿಗೂ ತಿಳಿಯಲೆಂದು ಕನ್ನಡದಲ್ಲೇ ಹೆಸರು ಹಾಕಿದೆ. ‘ಜಗಲಿ’ ಎಂದು ಬರೆದ ಕಡೆ ಬೆರಳಿಟ್ಟು ಮೇಸ್ತ್ರಿ, “ಇಲ್ಲಿ ಬರೀ ನೆಲ ಇದೆಯಲ್ಲ ಮೇಡಂ, ಜಗಲಿ ಬಾಗಿಲಿನ ಎರಡೂ ಪಕ್ಕ ಕಟ್ಟಬೇಕಾ?” ಅಂದರು. ಯಾವ ಪದ ಹಾಕಲಿ? ಹಲಗೆಗೆ ಉಯ್ಯಾಲೆ ಸಾಕೇ?

ಶಿರಸಿಯಿಂದ: ಜಗಲಿಯೇ ಸರಿ. ನಮ್ಮಲ್ಲಿ ಬಂದವರಿಗೆ ಕುಡಿಯಲು ಆಸರಿ ಕೊಡುವುದೂ ಅಲ್ಲೇ, ಮಧ್ಯಾಹ್ನ ಮಲಗುವುದೂ ಅಲ್ಲೇ. ನಿಮ್ಮ ಮೇಸ್ತ್ರಿಗೆ ಗೊತ್ತಿಲ್ಲ, ಅಷ್ಟೆ. ಗೇಟಿಗೂ ‘ಉಣಗೋಲು’ ಅಂತ ಹಾಕಿ, ಚೆಂದ.

ಮೈಸೂರಿನಿಂದ: ಮೇಸ್ತ್ರಿ ಹೇಳಿದ್ದರಲ್ಲಿ ತಪ್ಪಿಲ್ಲ. ಈ ಸೀಮೆಯಲ್ಲಿ ಜಗಲಿ ಅಂದರೆ ಬಾಗಿಲ ಪಕ್ಕ ಕೂರಲು ಎತ್ತರಿಸಿ ಕಟ್ಟಿದ್ದು. ಆ ಪದ ಚಿತ್ರದಲ್ಲಿ ಉಳಿದರೆ ಕಲ್ಲುಕಟ್ಟೆ ಎದ್ದೀತು, ಇರುವ ಆರಡಿಯಲ್ಲಿ ಒಂದೂವರೆ ಅಡಿ ಹೋದೀತು. ಪಡಸಾಲೆ ಎಂದರೆ ಎಷ್ಟೋ ಕಡೆ ಮನೆಯ ಒಳಗಿನ ಜಾಗ. ಮೊಗಸಾಲೆ ಅರ್ಥಕ್ಕೆ ಒಪ್ಪುತ್ತದೆ, ಆದರೆ ಕೆಲಸದವರ ಬಾಯಲ್ಲಿಲ್ಲ. ಇನ್ನು ಉಣಗೋಲು ಕಂಬದ ತೂತಿಗೆ ಅಡ್ಡ ಗಳ ತೂರಿಸುವ ತಡೆ. ಕಬ್ಬಿಣದ ಗೇಟಿಗೆ ಆ ಹೆಸರೇಕೆ?

ಧಾರವಾಡದಿಂದ: ಜೋಕಾಲಿ ಅನ್ರಿ! ಪಂಚಮಿಗೆ ನಮ್ಮ ಬೇವಿನ ಗಿಡಕ್ಕ ಕಟ್ಟತಿದ್ವಿ. ಹಗ್ಗ ಮಾತ್ರ ಗಟ್ಟಿ ಇರ್ಲಿ.

ಮೈಸೂರಿನಿಂದ: ಇದು ಹಗ್ಗದ್ದಲ್ಲ ಸ್ವಾಮಿ. ಸೂರಿಗೆ ಸರಪಳಿ ಹಾಕಿ ಕೂರುವ ಹಲಗೆಗೆ ‘ತೂಗುಮಣೆ’ ಅನ್ನುವುದುಂಟು, ಉಯ್ಯಾಲೆಯೂ ತಪ್ಪಲ್ಲ. ಹೆಸರಿಗಿಂತ ನನಗೆ ಚಿಂತೆ ಅದು ನಿಂತಿರುವ ದಿಕ್ಕು. ಸೂರು ಹತ್ತಡಿ, ಮಣೆ ನೆಲದಿಂದ ಒಂದೂವರೆ ಅಡಿ ಅಂದುಕೊಳ್ಳಿ. ಸರಪಳಿ ಎಂಟೂವರೆ ಅಡಿ ಆಯಿತು. ಅಷ್ಟುದ್ದದ ಸರಪಳಿ 15 ಡಿಗ್ರಿ ವಾಲಿದರೂ ಮಣೆ ಎರಡಡಿಗಿಂತ ಹೆಚ್ಚು ಮುಂದೆ ಹೋಗುತ್ತದೆ, ಅಷ್ಟೇ ಹಿಂದೆ. ಮಣೆಯ ಅಗಲ ಒಂದೂವರೆ ಅಡಿ ಸೇರಿಸಿದರೆ ನಿಮ್ಮ ಆರಡಿ ಮುಗಿಯಿತು. ಅಜ್ಜಿಯ ಕಾಲು ಮೆಟ್ಟಿಲ ಮೇಲೆ, ಬೆನ್ನು ಗೋಡೆಗೆ! ರೆಂಡರಿನಲ್ಲಿ ಮಣೆ ಅಲ್ಲಾಡುವುದಿಲ್ಲವಲ್ಲ, ಹಾಗಾಗಿ ಕಾಣುವುದಿಲ್ಲ. ಗೋಡೆಯ ಉದ್ದಕ್ಕೆ ತೂಗುವಂತೆ ತಿರುಗಿಸಿ, ಮೆಟ್ಟಿಲ ನೇರಕ್ಕೆ ಬಾರದಂತೆ ಒಂದು ಪಕ್ಕಕ್ಕೆ ಸರಿಸಿ. ಕಾಂಕ್ರೀಟು ಹಾಕುವ ಮುಂಚೆಯೇ ಕೊಕ್ಕೆಗಳನ್ನು ಸೂರಿನ ಕಂಬಿಗೆ ಸಿಕ್ಕಿಸಬೇಕು. ಆಮೇಲೆ ದಿಕ್ಕು ಬದಲಿಸುವುದು ಸುಲಭವಲ್ಲ.

ಬೆಂಗಳೂರಿನಿಂದ: ತಿರುಗಿಸಿದೆ. ಉದ್ದ ಹದಿನಾಲ್ಕು ಅಡಿ ಇರುವುದರಿಂದ ಜಾಗ ಸಾಕು. ಮೇಸ್ತ್ರಿಯ ಪ್ರತಿಗೆ ‘ವರಾಂಡ’ ಎಂದೇ ಹಾಕುತ್ತೇನೆ. ಅಜ್ಜಿ ತೀರ್ಥಹಳ್ಳಿ ಕಡೆಯವರು, ಅವರು ಜಗಲಿ ಬಿಟ್ಟುಕೊಡುತ್ತಿಲ್ಲ.

ಶಿರಸಿಯಿಂದ: ನೋಡಿದಿರಾ!