130 ಪೋರ್ಟ್‌ಗೆ ಚಾಸಿಸ್ ಬೇಕಾ, ಫಿಕ್ಸೆಡ್ ಸಾಕಾ?

ಪ್ರಶ್ನೆ (ಕಾಲೇಜು ಲ್ಯಾಬ್, ದಾವಣಗೆರೆ): ಸರ್, ನಮ್ಮ ಕಾಲೇಜಿಗೆ 130 ಪೋರ್ಟ್ ಬೇಕು. ಒಬ್ಬರು ಸ್ಲಾಟಿಗೆ ಕಾರ್ಡ್ ಹಾಕುವ ಮಾಡ್ಯುಲರ್ ಚಾಸಿಸ್ ಸ್ವಿಚ್‌ಗೆ ಕೋಟ್ ಕೊಟ್ಟಿದ್ದಾರೆ, ಇನ್ನೊಬ್ಬರು 48 ಪೋರ್ಟಿನ ಫಿಕ್ಸೆಡ್ ಸ್ವಿಚ್ ಮೂರು ಹೇಳ್ತಿದ್ದಾರೆ. ಡೇಟಾಶೀಟ್‌ನಲ್ಲಿ ಏನು ನೋಡಬೇಕು?

ಹರಿಹರದ ಸದಸ್ಯರು: ಸ್ವಿಚಿಂಗ್ ಕೆಪಾಸಿಟಿ ಯಾವುದಕ್ಕೆ ಜಾಸ್ತಿಯೋ ಅದನ್ನೇ ತಗೊಳ್ಳಿ. ಚಾಸಿಸ್‌ನದ್ದೇ ಜಾಸ್ತಿ ಇರುತ್ತೆ.

ನೆಟ್‌ವರ್ಕ್ ಎಂಜಿನಿಯರ್, ದಾವಣಗೆರೆ: ಕೆಪಾಸಿಟಿ ನೋಡಬೇಕು, ಸರಿ. ಆದರೆ ಜಾಸ್ತಿ ಇದ್ದರೆ ಸಾಲದು, ಪೋರ್ಟ್‌ಗಳಿಗೆ ತಾಳೆ ಆಗಬೇಕು. 48 ಗಿಗಾಬಿಟ್ ಪೋರ್ಟ್, ಜೊತೆಗೆ 10 ಗಿಗಾಬಿಟ್‌ನ ನಾಲ್ಕು ಅಪ್‌ಲಿಂಕ್ ಅಂದರೆ ಒಟ್ಟು 88. ಹೋಗೋದು ಬರೋದು ಎರಡೂ ಲೆಕ್ಕ, ಹಾಗಾಗಿ 176 ಜಿಬಿಪಿಎಸ್. ಫಾರ್ವರ್ಡಿಂಗ್ ರೇಟಿಗೆ 88ನ್ನು 1.488ರಿಂದ ಗುಣಿಸಿ, ಸುಮಾರು 131 ಎಂಪಿಪಿಎಸ್ ಬರುತ್ತೆ. ಶೀಟಿನಲ್ಲಿ ಇಷ್ಟಿದ್ದರೆ 64 ಬೈಟಿನ ಚಿಕ್ಕ ಪ್ಯಾಕೆಟ್‌ನಲ್ಲೂ ಸ್ವಿಚ್ ಹಿಂದೆ ಬೀಳಲ್ಲ.

ಚಾಸಿಸ್‌ನ ದೊಡ್ಡ ಅಂಕಿ ಎಲ್ಲ ಸ್ಲಾಟ್ ಸೇರಿಸಿ ಹೇಳಿದ್ದು. ನೀವು ನೋಡಬೇಕಾದ್ದು ಒಂದು ಸ್ಲಾಟಿಗೆ ಎಷ್ಟು ಅಂತ. ಅದು ಚಾಸಿಸ್ ನಡೆಸುವ ಸೂಪರ್‌ವೈಸರ್ ಕಾರ್ಡ್ ಮೇಲೂ ಅವಲಂಬಿಸಿರುತ್ತೆ. ಅಗ್ಗದ ಕಾರ್ಡ್ ಹಾಕಿ ಸ್ಲಾಟಿಗೆ 24 ಜಿಬಿಪಿಎಸ್ ಮಾತ್ರ ಸಿಕ್ಕರೆ, 48 ಪೋರ್ಟಿನ ಲೈನ್ ಕಾರ್ಡ್ ಅರ್ಧ ವೇಗಕ್ಕೆ ಕಟ್ಟುಬಿದ್ದಿರುತ್ತೆ. ಕೋಟ್‌ನಲ್ಲಿರೋ ಸೂಪರ್‌ವೈಸರ್ ಮಾಡೆಲ್ ಯಾವುದು, ಮೊದಲು ಅದನ್ನು ಕೇಳಿ.

ಚಿತ್ರದುರ್ಗದ ಸದಸ್ಯರು: ನಮ್ಮ ಅಂಗಡಿ ಸಿಸಿಟಿವಿ ರಾತ್ರಿ ಹೊತ್ತು ಆಫ್ ಆಗುತ್ತೆ. ಇದು ಸ್ವಿಚ್‌ನ ಬಫರ್ ಪ್ರಾಬ್ಲಮ್ಮಾ?

ನೆಟ್‌ವರ್ಕ್ ಎಂಜಿನಿಯರ್: ಅಲ್ಲ ಅನ್ಸುತ್ತೆ. ರಾತ್ರಿ ಐಆರ್ ಲೈಟ್ ಹೊತ್ತಿದಾಗ ಕ್ಯಾಮೆರಾ ಜಾಸ್ತಿ ಕರೆಂಟ್ ಎಳೆಯುತ್ತೆ. ಪಿಒಇ ಸ್ವಿಚ್ ಆದರೆ ಅದರ ವ್ಯಾಟ್ ಬಜೆಟ್ ನೋಡಿ.

ಬಫರ್ ಅಂದರೆ ಪ್ಯಾಕೆಟ್‌ಗಳು ಸರದಿಗೆ ಕಾಯುವ ಮೆಮೊರಿ, ಅದರ ತೊಂದರೆ ಲ್ಯಾಬಿನವರಿಗೆ ಬರುವಂಥದ್ದು. 10 ಗಿಗಾಬಿಟ್ ಸರ್ವರ್ ಒಂದೇ ಪಿಸಿಗೆ ಇಮೇಜ್ ಸುರಿಯುವಾಗ, ಪಿಸಿಯ ಪೋರ್ಟಿನಿಂದ 1 ಮಾತ್ರ ಹೊರಗೆ ಹೋಗುತ್ತೆ, ಉಳಿದ 9 ಬಫರ್‌ನಲ್ಲಿ ನಿಲ್ಲಬೇಕು. 12 ಮೆಗಾಬಿಟ್ ಬಫರ್ ಪೂರ್ತಿ ಆ ಪೋರ್ಟಿಗೇ ಸಿಕ್ಕರೂ ಸುಮಾರು 1.3 ಮಿಲಿಸೆಕೆಂಡಿಗೆ ತುಂಬಿಹೋಗುತ್ತೆ. ಬಫರ್ ಎಲ್ಲರಿಗೂ ಹಂಚಿದ್ದು, ಅಷ್ಟೂ ಸಿಗೋದೂ ಇಲ್ಲ. ಕೆಲವರು ಮೆಗಾಬಿಟ್‌ನಲ್ಲಿ, ಕೆಲವರು ಮೆಗಾಬೈಟ್‌ನಲ್ಲಿ ಬರೀತಾರೆ. 12 ಮೆಗಾಬಿಟ್ ಅಂದರೆ ಒಂದೂವರೆ ಮೆಗಾಬೈಟ್ ಅಷ್ಟೇ, ಹೋಲಿಸುವಾಗ ಜೋಪಾನ. ಹಳೇ ಸ್ವಿಚ್‌ನಲ್ಲಿ ಈಗಲೇ ಹೀಗಾಗ್ತಿದೆಯಾ ಅಂತ `show interfaces` ಕೊಟ್ಟು ನೋಡಿ. ಸರಾಸರಿ ಟ್ರಾಫಿಕ್ ಕಡಿಮೆ ಇದ್ದೂ output drops ಏರುತ್ತಿದ್ದರೆ ಇದೇ ಕತೆ.

ಪ್ರಶ್ನೆ ಕೇಳಿದವರು: ಮುಂದೆ ಇನ್ನೊಂದು ಬ್ಲಾಕ್ ಬರುತ್ತೆ ಸರ್, ಆಗ ಚಾಸಿಸ್‌ಗೆ ಕಾರ್ಡ್ ಸೇರಿಸಬಹುದಲ್ವಾ?

ನೆಟ್‌ವರ್ಕ್ ಎಂಜಿನಿಯರ್: ತಾಮ್ರದ ಕೇಬಲ್ 100 ಮೀಟರ್ ದಾಟಲ್ಲ. ಬ್ಲಾಕ್ ದೂರ ಇದ್ದರೆ ಅಲ್ಲಿ ಹೇಗೂ ಬೇರೆ ಸ್ವಿಚ್ ಇಡಬೇಕು, ಫೈಬರ್ ಎಳೆಯಬೇಕು. 130ಕ್ಕೆ ಮೂರು ಫಿಕ್ಸೆಡ್ ಸಾಕು, 14 ಪೋರ್ಟ್ ಉಳಿಯುತ್ತೆ. ಖಾಲಿ ಸ್ಲಾಟಿಗೆ ಈಗಲೇ ದುಡ್ಡು ಹಾಕೋದು ನನಗೆ ಒಪ್ಪಲ್ಲ.

ಹರಿಹರದ ಸದಸ್ಯರು: ಚಾಸಿಸ್‌ನಲ್ಲಿ ಎರಡು ಸೂಪರ್‌ವೈಸರ್ ಹಾಕಬಹುದು. ಒಂದು ಕೆಟ್ಟರೂ ಪರೀಕ್ಷೆ ದಿನ ಲ್ಯಾಬ್ ನಿಲ್ಲಲ್ಲ.

ನೆಟ್‌ವರ್ಕ್ ಎಂಜಿನಿಯರ್: ಆ ಮಾತು ಒಪ್ಪುತ್ತೇನೆ. ಆದರೆ ಅವರ ಕೋಟ್‌ನಲ್ಲಿ ಎರಡನೇ ಕಾರ್ಡ್ ಇದೆಯಾ?