ಲ್ಯಾಪ್‌ಟಾಪ್‌ನಲ್ಲಿ 97%, ಹೊಲದಲ್ಲಿ ಎಲ್ಲಾ ತಪ್ಪು!

ಪ್ರಶ್ನೆ: ಟೊಮೇಟೊ ಎಲೆರೋಗ ಗುರುತಿಸಲು ಪ್ಲಾಂಟ್‌ವಿಲೇಜ್ ಅನ್ನೋ ಎಲೆ ಫೋಟೋಗಳ ಸಂಗ್ರಹದಿಂದ ಮೊಬೈಲ್‌ನೆಟ್ ವಿ2 ಮಾಡೆಲ್ ತಯಾರು ಮಾಡಿದೆ. ಟೆಸ್ಟ್‌ನಲ್ಲಿ 97% ಬಂತು. ಮಾಡೆಲ್‌ನ 32 ಬಿಟ್ ಸಂಖ್ಯೆಗಳನ್ನು 8 ಬಿಟ್‌ಗೆ ಇಳಿಸಿ, ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ಗೆ ಹಾಕಿದರೆ ಹೊಲದ ಫೋಟೋಗಳಲ್ಲಿ ಮುಕ್ಕಾಲು ಪಾಲು ತಪ್ಪು. 8 ಬಿಟ್ ಮಾಡಿದ್ದೇ ತಪ್ಪಾಯ್ತಾ?

ಕಾಲೇಜು ವಿದ್ಯಾರ್ಥಿ: ಹೌದು, 8 ಬಿಟ್‌ನಲ್ಲಿ ನಿಖರತೆ ಹೋಗುತ್ತದೆ. 32 ಬಿಟ್‌ನಲ್ಲೇ ಓಡಿಸಿ.

ಎಂಜಿನಿಯರ್: ಸ್ವಲ್ಪ ಹೋಗುತ್ತದೆ, ಇಷ್ಟೊಂದು ಹೋಗುವುದು ಅಪರೂಪ. ಸುಮ್ನೆ ಊಹೆ ಬೇಡ. ಅದೇ ಹೊಲದ ಫೋಟೋಗಳನ್ನು ಲ್ಯಾಪ್‌ಟಾಪ್‌ನ 32 ಬಿಟ್ ಮಾಡೆಲ್‌ಗೂ ಕೊಟ್ಟು ನೋಡಿ.

ಕೇಳಿದವರು: ನೋಡಿದೆ ಮೇಡಂ. 40 ಫೋಟೋಗಳಲ್ಲಿ ಲ್ಯಾಪ್‌ಟಾಪ್ 17 ಸರಿ, ಪೈ 6 ಸರಿ. ಪೈನಲ್ಲಿ ಓಪನ್‌ಸಿವಿ ಲೈಬ್ರರಿಯಿಂದ ಫೋಟೋ ಓದುತ್ತೇನೆ.

ಎಂಜಿನಿಯರ್: ಹಾಗಾದರೆ ತೊಂದರೆ ಎರಡಿವೆ. ಓಪನ್‌ಸಿವಿ ಬಣ್ಣಗಳನ್ನು ನೀಲಿ-ಹಸಿರು-ಕೆಂಪು ಅನ್ನೋ ಕ್ರಮದಲ್ಲಿ ಕೊಡುತ್ತದೆ. ನಿಮ್ಮ ಮಾಡೆಲ್ ಕಲಿತದ್ದು ಕೆಂಪು-ಹಸಿರು-ನೀಲಿ ಇರಬೇಕು. ಎಲೆಯ ಹಸಿರು ಹಾಗೇ ಉಳಿಯುತ್ತದೆ, ಕಂದು ಮಚ್ಚೆ ಮಾತ್ರ ನೀಲಿಯಾಗುತ್ತದೆ. ಎಲ್ಲೂ ಎರರ್ ಬರಲ್ಲ, ಅದೇ ಕಿರಿಕಿರಿ. ಈ ಸಾಲು ಸೇರಿಸಿ:

```
img = cv2.cvtColor(img, cv2.COLOR_BGR2RGB)
```

ತರಕಾರಿ ಬೆಳೆಗಾರ: ನನ್ನ ಮೆಣಸಿನ ಗಿಡದ ಎಲೆ ಮುದುರುತ್ತಿದೆ. ಯಾವ ಔಷಧಿ ಹೊಡೆಯಲಿ?

ಎಂಜಿನಿಯರ್: ಅಣ್ಣಾ, ಇಲ್ಲಿ ಮಾತು ಕ್ಯಾಮೆರಾದ್ದು. ಔಷಧಿಗೆ ಮೊದಲು ಎಲೆಯ ಅಡಿಭಾಗವನ್ನು ಯಾರಾದರೂ ಕೃಷಿ ತಜ್ಞರಿಗೆ ತೋರಿಸಿ. ಥ್ರಿಪ್ಸ್, ನುಸಿ, ವೈರಸ್ ಮೂರರಲ್ಲೂ ಎಲೆ ಮುದುರುತ್ತದೆ.

ಕೇಳಿದವರು: ಪೈನಲ್ಲಿ ಈಗ 16 ಸರಿ! ಅಂದರೆ 8 ಬಿಟ್‌ನಿಂದ ಹೋದದ್ದು ಒಂದೇ. ಆದರೆ 40ಕ್ಕೆ 16 ಅಂದರೆ ಯಾರಿಗೆ ಕೊಡಲಿ?

ಎಂಜಿನಿಯರ್: ಯಾರಿಗೂ ಕೊಡಬೇಡಿ. ಎರಡನೇ ತೊಂದರೆ ಇದೇ. ಪ್ಲಾಂಟ್‌ವಿಲೇಜ್‌ನ ಫೋಟೋಗಳು ಕಿತ್ತ ಎಲೆಯನ್ನು ಒಂದೇ ಬಣ್ಣದ ಹಿನ್ನೆಲೆಯಲ್ಲಿಟ್ಟು ತೆಗೆದವು. 2016ರ ಹೆಸರಾಂತ ಪ್ರಯೋಗದಲ್ಲಿ ಆ ಸಂಗ್ರಹದೊಳಗೆ 99% ದಾಟಿದ ಮಾಡೆಲ್, ಬೇರೆ ಕಡೆಯ ಫೋಟೋಗಳಲ್ಲಿ 31%ರ ಹತ್ತಿರಕ್ಕೆ ಕುಸಿಯಿತು. 2022ರಲ್ಲಿ ಒಬ್ಬರು ಹಿನ್ನೆಲೆಯ ಬರೀ 8 ಪಿಕ್ಸೆಲ್ ಕೊಟ್ಟು 38 ವರ್ಗಗಳಲ್ಲಿ 49% ಸರಿ ಹೇಳಿಸಿದರು. ಎಲೆಯನ್ನೇ ನೋಡದೆ!

ಹೊಲದಲ್ಲೇ ಫೋಟೋ ತೆಗೆದು ಮತ್ತೆ ಕಲಿಸಿ. ಒಂದೇ ಗಿಡದ ಹತ್ತು ಫೋಟೋಗಳಲ್ಲಿ ಎಂಟು ಕಲಿಕೆಗೆ, ಎರಡು ಟೆಸ್ಟ್‌ಗೆ ಹೋದರೆ ಅಂಕ ಮತ್ತೆ ಸುಳ್ಳು ಹೇಳುತ್ತದೆ. ಕಲಿಕೆಯ ಗಿಡಗಳೇ ಬೇರೆ, ಟೆಸ್ಟ್‌ನ ಗಿಡಗಳೇ ಬೇರೆ ಇರಲಿ.

ಹತ್ತಿರ ಹೋಗಿ, ಒಂದೇ ಎಲೆ ಚೌಕಟ್ಟು ತುಂಬಲಿ. 4000 ಪಿಕ್ಸೆಲ್ ಅಗಲದ ಫೋಟೋದಲ್ಲಿ 100 ಪಿಕ್ಸೆಲ್ ಇದ್ದ ಮಚ್ಚೆ, ಮಾಡೆಲ್‌ಗೆ ಕೊಡಲು ಅಗಲವನ್ನು 224 ಪಿಕ್ಸೆಲ್‌ಗೆ ಇಳಿಸಿದಾಗ ಐದಾರು ಪಿಕ್ಸೆಲ್ ಆಗುತ್ತದೆ. ಅರ್ಲಿ ಬ್ಲೈಟ್ ರೋಗದ ಒಂದರೊಳಗೊಂದು ಉಂಗುರಗಳು ಅಲ್ಲೇ ಮಾಯ. ಆಮೇಲೆ ಅದನ್ನು ಲೇಟ್ ಬ್ಲೈಟ್‌ನಿಂದ ಬೇರೆ ಮಾಡುವುದು ಹೇಗೆ?

ವಿದ್ಯಾರ್ಥಿ: ರೋಗವೇ ಅಲ್ಲದ, ಪೋಷಕಾಂಶದ ಕೊರತೆಯ ಎಲೆ ಬಂದರೆ? ಮಾಡೆಲ್‌ನ ಧೈರ್ಯ 60%ಗಿಂತ ಕಮ್ಮಿ ಇದ್ದರೆ ‘ಗೊತ್ತಿಲ್ಲ’ ಅನ್ನಿಸಬಹುದು ಅಲ್ವಾ?

ಎಂಜಿನಿಯರ್: ಅನ್ನಿಸಬಹುದು. ಆದರೆ ಎಂದೂ ನೋಡದ ಎಲೆಗೂ ಅದು 95% ಧೈರ್ಯದಿಂದ ಉತ್ತರ ಕೊಡುವುದುಂಟು. ‘ಬೇರೆ’ ಅಂತ ಒಂದು ವರ್ಗ ಸೇರಿಸಿ ನೋಡಿದ್ದೇನೆ. ಅದರಲ್ಲಿ ಏನೇನು ತುಂಬಬೇಕು ಅನ್ನೋದೇ ನನಗಿನ್ನೂ ಬಗೆಹರಿದಿಲ್ಲ.